ಎರಡು ಬಫರಿಗೆ ಒಂದೇ ಲೈನ್

ಯಂತ್ರಗಳ ಕಂಪನವನ್ನು ಅಳೆಯುವ ನಮ್ಮ ಉಪಕರಣದ ಫರ್ಮ್‌ವೇರನ್ನು ಹಳೆಯ ಬೋರ್ಡಿನಿಂದ ಹೊಸದಕ್ಕೆ ಪೋರ್ಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೋರ್ಡ್ ಆಯ್ಕೆಯ ಸಭೆಯ ಮುಂದಿಟ್ಟ ಹೋಲಿಕೆಯ ಪಟ್ಟಿಯಲ್ಲಿ ಎರಡಕ್ಕೂ ‘ಡೇಟಾ ಕ್ಯಾಶ್: 4 ಕೆಬಿ’ ಎಂದಷ್ಟೇ ಬರೆದಿತ್ತು. ಹಳೆಯದು ಪ್ರತಿ ವಿಳಾಸಕ್ಕೂ ಎರಡು ಸ್ಥಾನ ಕೊಡುವ 2-ವೇ ಸೆಟ್ ಅಸೋಸಿಯೇಟಿವ್, ಹೊಸದು ಒಂದೇ ಸ್ಥಾನ ಕೊಡುವ ಡೈರೆಕ್ಟ್ ಮ್ಯಾಪ್ಡ್ ಎಂಬ ವಿವರಕ್ಕೆ ಅಲ್ಲಿ ಕಾಲಮ್ಮೇ ಇರಲಿಲ್ಲ. ಅಂತಹ ಪಟ್ಟಿಯ ಮೇಲೆ ಬೋರ್ಡ್ ಖರೀದಿಸುವುದು ತಪ್ಪು ಎಂದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಆ ದಿನ ನಾನೂ ಪ್ರಶ್ನಿಸಲಿಲ್ಲ.

ಗ್ರಾಹಕರ ಎದುರು ಡೆಮೊ ನಡೆಯುತ್ತಿದ್ದಾಗ ಹೊಸ ಬೋರ್ಡ್ ಒಂದರ ಹಿಂದೆ ಒಂದು ಫ್ರೇಮನ್ನು ಬಿಡತೊಡಗಿತು. ಪರದೆಯ ಮೇಲೆ ಓವರ್‌ರನ್ ಎಣಿಕೆ ಏರುತ್ತಿದ್ದ ಆ ಹತ್ತು ನಿಮಿಷ ನಾನು ಏನನ್ನೂ ವಿವರಿಸಲಾಗದೆ ನಿಂತಿದ್ದೆ. ಮರುದಿನದಿಂದ ಎರಡು ದಿನ ಡಿಡಿಆರ್ ಮೆಮೊರಿಯ ಟೈಮಿಂಗನ್ನೇ ಶಂಕಿಸಿ ರಿಜಿಸ್ಟರುಗಳನ್ನು ತಿದ್ದುತ್ತ ಕಳೆದೆ. ನಿಜವಾದ ಸುಳಿವು ಮೊದಲ ದಿನವೇ ಕೈಯಲ್ಲಿತ್ತು: ನಮ್ಮ ಲೂಪ್ ಓದುವ a, b ಎಂಬ ಎರಡು ಬಫರುಗಳಲ್ಲಿ a ಯನ್ನು ಮಾತ್ರ ಓದಿಸಿದರೆ ಅದು ವೇಗವಾಗಿ ಮುಗಿಯುತ್ತಿತ್ತು, b ಮಾತ್ರ ಓದಿಸಿದರೂ ಹಾಗೆಯೇ, ಎರಡನ್ನೂ ಒಟ್ಟಿಗೆ ಓದಿಸಿದಾಗ ಮಾತ್ರ ನಿಧಾನವಾಗುತ್ತಿತ್ತು. ಮೆಮೊರಿಯೇ ನಿಧಾನವಾಗಿದ್ದರೆ ಒಂಟಿಯಾಗಿ ಓದಿಸಿದಾಗಲೂ ಅದು ಕಾಣಬೇಕಿತ್ತು.

ಮೂರನೆಯ ದಿನ ಹಿರಿಯ ಸಹೋದ್ಯೋಗಿಯೊಬ್ಬರು, “ಮ್ಯಾಪ್ ಫೈಲ್ ತೆಗೆದು ಎರಡರ ವಿಳಾಸವನ್ನೂ ವೈಟ್‌ಬೋರ್ಡಿನ ಮೇಲೆ ಬರೆಯಿರಿ” ಎಂದರು. a ಇದ್ದದ್ದು 0x2000ದಲ್ಲಿ, b ಇದ್ದದ್ದು 0x3000ದಲ್ಲಿ. ಡಿಎಂಎಗೆ 16 ಬೈಟುಗಳ ಅಲೈನ್‌ಮೆಂಟ್ ಸಾಕಿದ್ದರೂ ಎಚ್ಚರಿಕೆಗೆಂದು 4 ಕೆಬಿ ಅಲೈನ್‌ಮೆಂಟ್ ಕೊಟ್ಟವನು ನಾನೇ.

ನಮ್ಮ ಕ್ಯಾಶಿನ ಒಂದು ಲೈನ್ 16 ಬೈಟ್, ಒಟ್ಟು 256 ಲೈನುಗಳು. ಆದ್ದರಿಂದ ವಿಳಾಸದ ಕಡೆಯ ಹೆಕ್ಸ್ ಅಂಕೆ ಲೈನಿನೊಳಗಿನ ಸ್ಥಾನವನ್ನೂ, ಅದರ ಹಿಂದಿನ ಎರಡು ಅಂಕೆಗಳು ಲೈನಿನ ಸಂಖ್ಯೆಯನ್ನೂ, ಮೊದಲ ಅಂಕೆ ಟ್ಯಾಗನ್ನೂ ಹೇಳುತ್ತವೆ. 0x2000 ಮತ್ತು 0x3000 ಎರಡಕ್ಕೂ ಲೈನ್ 00. ಬೇರೆಯಾಗಿರುವುದು ಟ್ಯಾಗ್ ಮಾತ್ರ. ಲೂಪ್ a ಮತ್ತು b ಗಳಿಂದ ಸರದಿಯಂತೆ ನಾಲ್ಕು ಬೈಟುಗಳ ಒಂದೊಂದು ಮೌಲ್ಯವನ್ನು ಓದುತ್ತದೆ; ಅದು ಕ್ಯಾಶಿನಲ್ಲೇ ಸಿಕ್ಕರೆ ಹಿಟ್, ಮೆಮೊರಿಯಿಂದ ತರಬೇಕಾದರೆ ಮಿಸ್:

```
ವಿಳಾಸ     ಡೈರೆಕ್ಟ್    2-ವೇ
0x2000    ಮಿಸ್      ಮಿಸ್
0x3000    ಮಿಸ್      ಮಿಸ್
0x2004    ಮಿಸ್      ಹಿಟ್
0x3004    ಮಿಸ್      ಹಿಟ್
0x2008    ಮಿಸ್      ಹಿಟ್
0x3008    ಮಿಸ್      ಹಿಟ್
0x200C    ಮಿಸ್      ಹಿಟ್
0x300C    ಮಿಸ್      ಹಿಟ್
```

0x2000ಕ್ಕಾಗಿ ತಂದ ಲೈನಿನಲ್ಲಿ 0x2004 ಕೂಡ ಇರುತ್ತದೆ; ಆದರೆ ಅದನ್ನು ಓದುವ ಸರದಿ ಬರುವಷ್ಟರಲ್ಲಿ 0x3000 ಬಂದು ಆ ಲೈನನ್ನು ಹೊರಹಾಕಿರುತ್ತದೆ. ಉಳಿದ 255 ಲೈನುಗಳು ಖಾಲಿಯಿದ್ದರೂ ಪ್ರಯೋಜನವಿಲ್ಲ. 2-ವೇ ಕ್ಯಾಶಿನಲ್ಲಿ ಅದೇ 256 ಲೈನುಗಳು ಎರಡೆರಡರಂತೆ 128 ಸೆಟ್‌ಗಳಾಗಿರುವುದರಿಂದ ಎರಡು ಟ್ಯಾಗುಗಳೂ ಸೆಟ್ 0ರಲ್ಲಿ ಜೊತೆಯಾಗಿ ಉಳಿಯುತ್ತವೆ. b ಯನ್ನು 0x3010ಕ್ಕೆ, ಅಂದರೆ ಕೇವಲ ಒಂದು ಲೈನಿನಷ್ಟು ಸರಿಸಿದೆ. ಡೈರೆಕ್ಟ್ ಕ್ಯಾಶಿನಲ್ಲೂ ಎಂಟಕ್ಕೆ ಎರಡೇ ಮಿಸ್ ಉಳಿದವು, ಓವರ್‌ರನ್ ನಿಂತಿತು.

ನನಗೆ ಇಂದಿಗೂ ನೋವುಂಟುಮಾಡುವುದು ಇದಾದ ಮೇಲೆ ನಡೆದದ್ದು. ಈ ಬದಲಾವಣೆಯನ್ನು ಹಳೆಯ ಬೋರ್ಡಿನ ಲಿಂಕರ್ ಸ್ಕ್ರಿಪ್ಟಿಗೂ ಹಾಕೋಣವೇ ಎಂದು ರಿವ್ಯೂನಲ್ಲಿ ಕೇಳಿದಾಗ, “ಅದು ಸೆಟ್ ಅಸೋಸಿಯೇಟಿವ್, ಅಲ್ಲಿ ಅಗತ್ಯವಿಲ್ಲ” ಎಂದು ನಾನೇ ಬರೆದು ಮುಗಿಸಿದೆ. ಕೆಲವು ವಾರಗಳ ನಂತರ ಅದೇ ಲೂಪಿಗೆ ಫಿಲ್ಟರ್ ಗುಣಾಂಕಗಳ ಕೋಷ್ಟಕವೊಂದು ಸೇರಿತು. a ಬಫರ್ 2 ಕೆಬಿ ಇದ್ದುದರಿಂದ ಲಿಂಕರ್ ಅದನ್ನು a ಮುಗಿದಲ್ಲೇ, 0x2800ರಲ್ಲಿ ಇರಿಸಿತು. ಈ ಬಾರಿ ಮುಗ್ಗರಿಸಿದ್ದು ಹಳೆಯ ಬೋರ್ಡ್.

ಡೈರೆಕ್ಟ್ ಕ್ಯಾಶಿನಲ್ಲಿ 0x2800ಕ್ಕೆ ಲೈನ್ 80, ಅಂದರೆ ಬೇರೆಯದೇ ಜಾಗ. 128 ಸೆಟ್‌ಗಳ ಕ್ಯಾಶಿನಲ್ಲಿ ಇಂಡೆಕ್ಸಿನ ಮೇಲಿನ ಒಂದು ಬಿಟ್ ಟ್ಯಾಗಿಗೆ ಹೋಗುವುದರಿಂದ ಅದೂ ಸೆಟ್ 0ಕ್ಕೇ ಬರುತ್ತದೆ. ಎರಡು ಸ್ಥಾನಗಳಿಗೆ ಮೂರು ಲೈನುಗಳು: a, ಕೋಷ್ಟಕ, b ಎಂಬ ಸರದಿಯಲ್ಲಿ ಓದಿದಾಗ b ಬಂದು a ಯನ್ನು ಹೊರಹಾಕುತ್ತದೆ, ಮತ್ತೆ a ಬಂದು ಕೋಷ್ಟಕವನ್ನು, ಕೋಷ್ಟಕ ಬಂದು b ಯನ್ನು. ಬಹಳ ಹಿಂದೆ ಬಳಸಿದ್ದನ್ನೇ ತೆಗೆಯುವ ಎಲ್‌ಆರ್‌ಯು ನಿಯಮ ಪ್ರತಿ ಸಲವೂ ಮುಂದಿನ ಕ್ಷಣದಲ್ಲಿ ಬೇಕಾಗುವುದನ್ನೇ ಹೊರಗೆ ಕಳಿಸುತ್ತದೆ. ಹನ್ನೆರಡು ಓದುಗಳಿಗೆ ಹನ್ನೆರಡೂ ಮಿಸ್. ಇದೇ ಮೂರು ವಿಳಾಸಗಳನ್ನು b ಯನ್ನು ಸರಿಸದೆ ಡೈರೆಕ್ಟ್ ಕ್ಯಾಶಿಗೆ ಕೊಟ್ಟಿದ್ದರೂ a ಮತ್ತು b ಗಳಿಂದ ಎಂಟು, ಕೋಷ್ಟಕದಿಂದ ಒಂದು, ಹೀಗೆ ಒಂಬತ್ತೇ ಮಿಸ್ ಆಗುತ್ತಿದ್ದವು.

ನಾನು ಅಗತ್ಯವಿಲ್ಲವೆಂದು ಬರೆದಿದ್ದ ಅದೇ 16 ಬೈಟುಗಳನ್ನು ಹಳೆಯ ಬೋರ್ಡಿನ ಸ್ಕ್ರಿಪ್ಟಿಗೂ ಸೇರಿಸಿದೆ. b ಸೆಟ್ 1ಕ್ಕೆ ಹೋಯಿತು, ಹನ್ನೆರಡಕ್ಕೆ ಮೂರು ಮಿಸ್ ಉಳಿದವು. ಈಗ ನಮ್ಮ ಬಿಲ್ಡ್ ಮುಗಿದಾಗ ಈ ಮೂರರ ವಿಳಾಸವನ್ನೂ 0x800ರಿಂದ ಭಾಗಿಸಿ, ಮೂರರ ಶೇಷವೂ ಒಂದೇ ಲೈನಿನೊಳಗೆ ಬಿದ್ದರೆ ಬಿಲ್ಡನ್ನೇ ನಿಲ್ಲಿಸುತ್ತೇವೆ. ಹೊಸ ಬೋರ್ಡಿಗೆ ಅದೇ ಪರೀಕ್ಷೆ ಎರಡೆರಡು ವಿಳಾಸಗಳ ನಡುವೆ, 0x1000ದಿಂದ ಭಾಗಿಸಿ ನಡೆಯುತ್ತದೆ.