ತಪ್ಪು ಊಹೆ ಬಾಯಿಂದ ಜಾರಿದ ಮೇಲೆ

"ಗೊತ್ತಿಲ್ಲದೆ ಹೆಂಡತಿಯನ್ನ ಮಗಳು ಅಂದುಬಿಟ್ಟೆ, ತೀರಿಕೊಂಡವರ ಬಗ್ಗೆ ಹೇಗಿದ್ದಾರೆ ಅಂತ ಕೇಳಿಬಿಟ್ಟೆ. ಇಂಥ ಹೊತ್ತಲ್ಲಿ ಏನು ಹೇಳಬೇಕು?"

ಕಡಿಮೆ ಹೇಳಿ. ಆಡಿದ ಮಾತಿಗಿಂತ ಅದನ್ನು ಸರಿಮಾಡಲು ಹೋಗಿ ಆಡುವ ಹತ್ತು ಮಾತುಗಳೇ ಜಾಸ್ತಿ ನೋಯಿಸುತ್ತವೆ.

ಮೊದಲನೆಯದನ್ನೇ ನೋಡೋಣ. ಒಂದು ಸಮಾರಂಭದಲ್ಲಿ ಹಿರಿಯರೊಬ್ಬರು ಸಿಗುತ್ತಾರೆ, ಪಕ್ಕದಲ್ಲಿ ಅವರಿಗಿಂತ ಚಿಕ್ಕ ವಯಸ್ಸಿನ ಹೆಂಗಸು. "ಮಗಳೂ ಬಂದಿದ್ದಾರಾ, ಒಳ್ಳೇದಾಯ್ತು" ಅನ್ನುತ್ತೀರಿ. "ಇವರು ನನ್ನ ಹೆಂಡತಿ" ಅನ್ನುತ್ತಾರೆ ಅವರು. ತಕ್ಷಣ ನಾಲಿಗೆಗೆ ಬರುವುದು ಕಾರಣ: "ಅಯ್ಯೋ, ಇವರು ಎಷ್ಟು ಚಿಕ್ಕವರಾಗಿ ಕಾಣ್ತಾರೆ ಅಂದ್ರೆ..." ಆಕೆಯನ್ನು ಹೊಗಳಿದ ಹಾಗೆ ನಿಮಗೆ ಅನಿಸಬಹುದು. ಆದರೆ ಆ ಮಾತು ಗಂಡನಿಗೆ ವಯಸ್ಸಾಗಿದೆ ಅನ್ನುತ್ತದೆ, ಇಬ್ಬರಿಗೂ ಜೋಡಿ ಸರಿಯಿಲ್ಲ ಅನ್ನುತ್ತದೆ. ನಿಮ್ಮ ಊಹೆಗೆ ಕಾರಣ ಕೊಡುವುದೆಂದರೆ ಅದೇ ಊಹೆಯನ್ನು ಇನ್ನೊಮ್ಮೆ, ಬಿಡಿಸಿ ಹೇಳಿದಂತೆ. ಅದಕ್ಕೇ ಕಾರಣ ಬೇಡ.

"ಕ್ಷಮಿಸಿ, ತಪ್ಪು ತಿಳ್ಕೊಂಡೆ" ಅಂದರೆ ಸಾಕು. ಆಮೇಲೆ ಆಕೆಯ ಕಡೆ ತಿರುಗಿ. ಅಲ್ಲಿಯವರೆಗೆ ಮಾತೆಲ್ಲ ಆಕೆಯ ಬಗ್ಗೆ ಆಗಿತ್ತು, ಆಕೆಯ ಜೊತೆ ಆಗಿರಲಿಲ್ಲ ಅಲ್ವಾ? "ನಮಸ್ಕಾರ, ನಿಮ್ಮ ಹೆಸರು ಕೇಳಲೇ ಇಲ್ಲ" ಅನ್ನಿ. ಮುಂದೆ ಮಾತಿನ ನಡುವೆ ಸಂದರ್ಭ ಬಂದರೆ "ನಿಮ್ಮ ಮನೆಯವರು" ಅಂತ ಸಹಜವಾಗಿ ಬಳಸಿ. ನೀವು ತಿದ್ದಿಕೊಂಡಿದ್ದೀರಿ ಅಂತ ಅವರಿಗೆ ತಿಳಿಯುವುದು ಆ ಒಂದು ಪದದಿಂದಲೇ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರ ತಮ್ಮ ಪ್ರಬಂಧವೊಂದರಲ್ಲಿ ಇಂಥ ಗಳಿಗೆಯನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸಿದ್ದರು. ತಪ್ಪನ್ನು ಒಬ್ಬರು ಎತ್ತಿ ತೋರಿಸುತ್ತಾರೆ, ತಪ್ಪಿದವರು ಅದನ್ನು ಸರಿಪಡಿಸುವ ಮಾತಾಡುತ್ತಾರೆ, ಎದುರಿನವರು ಒಪ್ಪಿಕೊಳ್ಳುತ್ತಾರೆ, ತಪ್ಪಿದವರು ಅದಕ್ಕೆ ಕೃತಜ್ಞತೆ ತೋರುತ್ತಾರೆ. ಅಲ್ಲಿಗೆ ಮುಗಿಯಿತು. ಹೆಚ್ಚಿನವರು ಎಡವುವುದು ಮೂರನೆಯ ಹೆಜ್ಜೆಯ ಮೇಲೆ. "ಪರವಾಗಿಲ್ಲ ಬಿಡಿ" ಅಂತ ಅವರು ಅಂದ ಮೇಲೂ "ಇಲ್ಲ ಇಲ್ಲ, ನಂಗೆ ತುಂಬಾ ನಾಚಿಕೆ ಆಗ್ತಿದೆ" ಅಂತ ಮತ್ತೆ ಶುರುಮಾಡುತ್ತಾರೆ. ಆಗ ನೊಂದವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಇದು ನಿಜಕ್ಕೂ ಅನ್ಯಾಯ. ಅವರ "ಪರವಾಗಿಲ್ಲ"ವನ್ನು ನಂಬಿ, ತಲೆಯಾಡಿಸಿ, ಮಾತು ಮುಂದುವರಿಸಿ.

ಸಾವಿನ ವಿಷಯ ಬೇರೆ. "ಯಜಮಾನರು ಹೇಗಿದ್ದಾರೆ?" ಅಂತ ಕೇಳುತ್ತೀರಿ. "ಹೋದ ವರ್ಷ ತೀರಿಕೊಂಡರು" ಅನ್ನುತ್ತಾರೆ. ಇಲ್ಲಿ ನಿಮ್ಮ ಪ್ರಶ್ನೆ ತಪ್ಪೇ ಅಲ್ಲ, ಗೊತ್ತಿರಲಿಲ್ಲ ಅಷ್ಟೆ. "ಛೇ, ನಾನು ಕೇಳಬಾರದಿತ್ತು" ಅಂದರೆ ಮಾತು ಅವರ ದುಃಖದಿಂದ ನಿಮ್ಮ ಮುಜುಗರದ ಕಡೆ ಹೊರಳುತ್ತದೆ. "ನಂಗೆ ಗೊತ್ತಿರ್ಲಿಲ್ಲ. ಕೇಳಿ ಬೇಸರ ಆಯ್ತು" ಅಂತ ಹೇಳಿ ಸುಮ್ಮನಿರಿ. ಆ ಮೌನ ಕಷ್ಟ, ಆದರೂ ತುಂಬಬೇಡಿ. ಹೇಗಾಯ್ತು, ಯಾವ ಕಾಯಿಲೆ ಅಂತ ವಿಚಾರಿಸಬೇಡಿ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ, ಆಗ ನಿಂತು ಕೇಳಿ. ತೀರಿಕೊಂಡವರ ಪರಿಚಯ ನಿಮಗಿದ್ದರೆ ಒಂದು ನೆನಪು ಹೇಳಬಹುದು: "ಸಿಕ್ಕಾಗೆಲ್ಲ ನನ್ನ ಓದಿನ ಬಗ್ಗೆ ಕೇಳ್ತಿದ್ರು." ಅವರು ಮಕ್ಕಳ ವಿಷಯಕ್ಕೋ ಕೆಲಸದ ವಿಷಯಕ್ಕೋ ಹೊರಳಿದರೆ ಜೊತೆಗೇ ಹೊರಳಿ. ಯಾವಾಗ ವಿಷಯ ಬದಲಿಸಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

ಇವೆರಡಕ್ಕಿಂತ ಕಷ್ಟದ್ದು ಗರ್ಭಿಣಿ ಅಂತ ಭಾವಿಸಿ "ಎಷ್ಟು ತಿಂಗಳು?" ಅಂತ ಕೇಳುವುದು. ಕೇಳಿಸಿಕೊಂಡವರು ಮಗುವನ್ನು ಕಳೆದುಕೊಂಡಿರಬಹುದು, ಮಗುವಿಗಾಗಿ ವರ್ಷಗಟ್ಟಲೆ ಕಾಯುತ್ತಿರಬಹುದು, ನಿಮಗೆ ಅದು ತಿಳಿಯುವುದೇ ಇಲ್ಲ. ಹಾಗಾಗಿ ಅವರ ಮುಖ ಗಮನಿಸಿ. "ಕ್ಷಮಿಸಿ, ನಾನು ಹಾಗೆ ಕೇಳಬಾರದಿತ್ತು" ಅಂತ ಒಂದೇ ಸಲ ಹೇಳಿ. ಇಲ್ಲಿ ಈ ಮಾತು ಸರಿ, ಯಾಕಂದರೆ ಇಲ್ಲಿ ಪ್ರಶ್ನೆಯೇ ತಪ್ಪು. ಬಟ್ಟೆಯಿಂದ ಹಾಗೆ ಕಂಡಿತು ಅಂತೆಲ್ಲ ಸೇರಿಸಬೇಡಿ. ಅವರು ಎದ್ದು ಹೋದರೆ ಹಿಂದೆ ಹೋಗಬೇಡಿ.

ಮಾರನೆಯ ದಿನ ಸಂದೇಶ ಕಳಿಸಬೇಕಾ? ಅವರು ನಕ್ಕು ಮಾತು ಮುಂದುವರಿಸಿದ್ದರೆ ಬೇಡ, ಆರಿದ್ದನ್ನು ಮತ್ತೆ ಕೆದಕಿದಂತಾಗುತ್ತದೆ. ಮಾತು ನಿಲ್ಲಿಸಿ ಹೊರಟಿದ್ದರೆ ಕಳಿಸಿ: "ನಿನ್ನೆ ನಾನು ಕೇಳಿದ್ದು ಸರಿಯಿರಲಿಲ್ಲ. ಕ್ಷಮಿಸಿ. ಇದಕ್ಕೆ ಉತ್ತರ ಬರೆಯಬೇಕು ಅಂತೇನಿಲ್ಲ." ಕೊನೆಯ ವಾಕ್ಯ ಮುಖ್ಯ, ಅದು ಅವರ ಮೇಲಿನ ಹೊರೆ ಇಳಿಸುತ್ತದೆ. ಉತ್ತರ ಬರದಿದ್ದರೆ ಎರಡನೆಯ ಸಂದೇಶ ಬೇಡ. ಮುಂದಿನ ಸಲ ಸಿಕ್ಕಾಗ ಎಂದಿನಂತೆ ಮಾತಾಡಿಸಿ.