ಶಾಲೆ ಬೇಗ ಬಿಟ್ಟರೆ ತಟ್ಟೆಗೆ ನೀರು

ಬಿಸಿಲು ಜಾಸ್ತಿ ಅಂತ ನಾಳೆಯಿಂದ ಶಾಲೆ 11 ಗಂಟೆಗೇ ಬಿಡುತ್ತಾರಂತೆ, ಮಗಳ ಬ್ಯಾಗಿನಲ್ಲಿ ಚೀಟಿ ಬಂದಿದೆ. ಮನೆಯಲ್ಲಿ ಮಾಡಿಸಿ ಅಂತ ಕೆಳಗೆ ಒಂದಿಷ್ಟು ಬರೆದಿದ್ದಾರೆ. ಓದು, ಮಗ್ಗಿ ಇದ್ದದ್ದೇ ಬಿಡಿ.

ನನಗೆ ಹಿಡಿಸಿದ್ದು ನೀರಿನದು. ಒಂದು ಲೋಟಕ್ಕೆ, ಒಂದು ಅಗಲವಾದ ತಟ್ಟೆಗೆ 100 ಎಂಎಲ್ ನೀರು ಅಳೆದು ಹಾಕಿ, ಮನೆಯೊಳಗೆ ಅಕ್ಕಪಕ್ಕ ಇಟ್ಟು, ಮಾರನೇ ದಿನ ಮತ್ತೆ ಅಳೆಯಬೇಕು. ತಟ್ಟೆಯದೇ ಜಾಸ್ತಿ ಆರಿರುತ್ತದೆ, ಅಲ್ಲಿ ಗಾಳಿಗೆ ತಾಗುವ ನೀರು ಹೆಚ್ಚು ಅಲ್ವಾ. ಸುಮ್ನೆ ಕಣ್ಣಳತೆಯಲ್ಲಿ ನೋಡಿದರೆ ಗೊತ್ತಾಗಲ್ಲ, ಅಳತೆ ಲೋಟಕ್ಕೆ ಸುರಿದೇ ನೋಡಬೇಕು. ಒಂದನ್ನು ಬಿಸಿಲಲ್ಲಿ, ಇನ್ನೊಂದನ್ನು ನೆರಳಲ್ಲಿ ಇಟ್ಟರಂತೂ ಆರಿದ್ದು ಬಿಸಿಲಿಗೋ ಅಗಲಕ್ಕೋ ಅಂತ ಹೇಳಲಿಕ್ಕೇ ಬರಲ್ಲ.

ಮಳೆ ರಜೆಯಲ್ಲೂ ಮಾಡಿಸಬಹುದು, ಆದರೆ ಗಾಳಿಯಲ್ಲಿ ತೇವ ಇರುವಾಗ ನೀರು ಆರುವುದು ನಿಧಾನ, ಇನ್ನೂ ಒಂದೆರಡು ದಿನ ಬಿಡಬೇಕು.