ಎರಡನೇ ಚರಣದ ರಿಪೇರಿ

14 ಜೂನ್ 2025, ಶನಿವಾರ

ಇವತ್ತು ಇಡೀ ದಿನ ನಾಲ್ಕು ಸಾಲಿನ ಜೊತೆ ಗುದ್ದಾಟ. ಗೆಳೆಯ ಟ್ಯೂನ್ ಹಾಕಿದ ಹಾಡು, ಸಾಹಿತ್ಯ ಇಬ್ಬರದ್ದೂ. ಬೆಳಿಗ್ಗೆ ಫೋನ್ ಮಾಡಿ, "ಎರಡನೇ ಚರಣ ಬಂದ ತಕ್ಷಣ ಕೇಳೋರ ಗಮನ ಹೋಗ್ಬಿಡುತ್ತೆ ಕಣೋ, ಏನಾದ್ರೂ ಮಾಡು. ಟ್ಯೂನ್ ಮಾತ್ರ ಮುಟ್ಟಬೇಡ" ಅಂದ.

ಪಲ್ಲವಿ ಒಂದೇ ಸಾಲು: "ಬಾಗಿಲು ತೆರೆದೇ ಇದೆ, ಬಾ". ಮೊದಲ ಚರಣ ಹೀಗಿದೆ:

ಸಂಜೆಯ ದೀಪವ ಹಚ್ಚಿಟ್ಟೆ
ಹೆಜ್ಜೆಯ ಸದ್ದಿಗೆ ಕಿವಿ ಕೊಟ್ಟೆ
ಗಾಳಿಗೆ ಅಲುಗಿದ ಎಲೆ ಕಂಡೆ
ನೀನೆಂದೇ ನಾ ಅಂದ್ಕೊಂಡೆ

ಎರಡನೆಯದು:

ಇರುಳಿನ ಚುಕ್ಕಿಯ ಎಣಿಸಿಟ್ಟೆ
ದಾರಿಯ ಕಡೆಗೇ ಕಣ್ಣಿಟ್ಟೆ
ಮೋಡದ ಮರೆಯಲಿ ಶಶಿ ಕಂಡೆ
ನಿನ್ನಯ ಮುಖವೇ ಅಂದ್ಕೊಂಡೆ

ಓದಿದರೆ ತಪ್ಪೇನೂ ಕಾಣಲ್ಲ. ಪ್ರಾಸ ಕೂತಿದೆ, ಮಾತ್ರೆ ಸರಿಯಾಗಿದೆ. ಅದೇ ತೊಂದರೆ. ಕಿವಿ ಚೆನ್ನಾಗಿದೆ ಅಂದುಬಿಡುತ್ತೆ, ಖಾಲಿ ಇರೋದು ಗೊತ್ತೇ ಆಗಲ್ಲ. ನಾನು ಮಾಡುವ ಪರೀಕ್ಷೆ ಎಂದರೆ ಎರಡು ಚರಣವನ್ನೂ ಅದಲು ಬದಲು ಮಾಡಿ ಹಾಡಿ ನೋಡೋದು. ಹಾಡಿದೆ. ಏನೂ ಕೆಡಲಿಲ್ಲ. ಆಮೇಲೆ ಒಂದೊಂದು ಚರಣಕ್ಕೂ ಪ್ರಾಸ ಬಿಟ್ಟು ಒಂದೊಂದು ವಾಕ್ಯ ಬರೆದೆ. ಮೊದಲನೆಯದು: ಕಾಯ್ತಾ ಇದ್ದೀನಿ, ಎಲೆ ಅಲುಗಿದರೂ ನೀನೇ ಅನ್ನಿಸುತ್ತೆ. ಎರಡನೆಯದು: ಕಾಯ್ತಾ ಇದ್ದೀನಿ, ಚಂದ್ರನನ್ನು ಕಂಡರೂ ನೀನೇ ಅನ್ನಿಸುತ್ತೆ. ಎಲೆ ಹೋಗಿ ಚಂದ್ರ ಬಂತು, ಅಷ್ಟೇ. (ಆ 'ಶಶಿ' ಬೇರೆ! 'ಅಂದ್ಕೊಂಡೆ' ಅನ್ನುವ ಮನುಷ್ಯ ಚಂದ್ರನಿಗೆ ಶಶಿ ಅಂತಾನಾ?)

ಎರಡನೇ ಚರಣ ಹೊಸದೇನಾದರೂ ಹೇಳಲೇಬೇಕು ಅನ್ನುವ ನಿಯಮವನ್ನು ಎಲ್ಲ ಹಾಡಿಗೂ ಹಾಕೋಕಾಗಲ್ಲ. ಭಜನೆ, ಜೋಗುಳಗಳಲ್ಲಿ ಹೇಳಿದ್ದನ್ನೇ ಹೇಳೋದರಲ್ಲೇ ಸುಖ. ಆದರೆ ಈ ಹಾಡಲ್ಲಿ ಒಂದು ಕಥೆ ಇದೆ. ಯಾರೋ ಹೋಗಿದ್ದಾರೆ, ಯಾರೋ ಕಾಯ್ತಿದ್ದಾರೆ. ಕೇಳುವವರು ಮುಂದೇನು ಅಂತ ಕಾದೇ ಕಾಯ್ತಾರೆ.

ಮೊದಲು ಕಾಲವನ್ನು ಮುಂದೆ ತಳ್ಳಿ ನೋಡಿದೆ. ವರ್ಷ ಕಳೆಯಿತು, ಕೂದಲು ನರೆಯಿತು, ಈ ಥರ. ಆಗಲಿಲ್ಲ. ಸಂಜೆ ಕಾಯುತ್ತಿದ್ದವರು ಈಗ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಕಾಯುವುದು ಉದ್ದವಾಯಿತೇ ಹೊರತು ಕಥೆ ಕದಲಲಿಲ್ಲ. ಕೇಳುವವರಿಗೆ ಗೊತ್ತಿಲ್ಲದ್ದು ಒಂದೂ ಬರಲಿಲ್ಲ.

ಹಾಗಾಗಿ ಪಲ್ಲವಿಯನ್ನೇ ಹಿಡಿದುಕೊಂಡೆ. ಬಾಗಿಲು ಯಾಕೆ ತೆರೆದಿದೆ? 'ತೆರೆದೇ ಇದೆ' ಅಂತ ಅಷ್ಟು ಒತ್ತಿ ಹೇಳೋದ್ಯಾಕೆ? ಹಿಂದೊಮ್ಮೆ ಮುಚ್ಚಿತ್ತು ಅಂತ ತಾನೇ? ಮುಚ್ಚಿದ್ದು ಯಾರು? ಅಲ್ಲಿಗೆ ದಾರಿ ಸಿಕ್ಕಿತು. ಕಾಯುತ್ತಿರುವವರೇ ಮುಚ್ಚಿದ್ದು.

ಬರೆಯುವಾಗ ಸಾಲು ಮೀರುವಂತಿರಲಿಲ್ಲ. ಟ್ಯೂನ್ ನಾಲ್ಕು ನಾಲ್ಕು ಮಾತ್ರೆಯ ಮೂರು ಗುಂಪು, ಕೊನೆಗೊಂದು ಎಳೆತ. ಮೊದಲು ಕೋಪ, ತಪ್ಪು, ಕ್ಷಮಿಸು ಅಂತೆಲ್ಲ ಬಂತು, ಹೊಡೆದುಹಾಕಿದೆ. ಪಾತ್ರ ಏನು ಮಾಡಿತು ಅಂತ ಹೇಳಿದರೆ ಸಾಕು, ಕ್ಷಮೆಯನ್ನು ಪಲ್ಲವಿ ಕೇಳುತ್ತೆ. ಕೊನೆಗೆ ನಿಂತಿದ್ದು ಇದು:

ಹೋಗೆಂದದ್ದೂ ನಾನಲ್ವಾ
ಚಿಲಕವ ಹಾಕಿದ ಕೈಯಲ್ವಾ
ತಟ್ಟಿದ ಸದ್ದನು ಕೇಳಿದ್ದೆ
ಕೇಳದ ಹಾಗೇ ಮಲಗಿದ್ದೆ

ನಾಲ್ಕನೇ ಸಾಲನ್ನು ಮೊದಲು 'ಕೇಳದ ಹಾಗೆ ಮಲಗಿದ್ದೆ' ಅಂತ ಬರೆದಿದ್ದೆ. ಹಾಡಿದಾಗ ನಡುವೆ ಎಡವಿತು, ಒಂದು ಮಾತ್ರೆ ಕಮ್ಮಿ. 'ಹಾಗೇ' ಅಂತ ದೀರ್ಘ ಮಾಡಿದೆ. ತಾಳವೂ ಕೂತಿತು, ಬೇಕಂತಲೇ ಎದ್ದಿರಲಿಲ್ಲ ಅನ್ನೋದೂ ಬಂತು.

'ಸದ್ದು' ಎರಡೂ ಚರಣದಲ್ಲಿ ಇದೆ. ಅದನ್ನು ಬೇಕಂತಲೇ ಉಳಿಸಿದೆ. ಇವತ್ತು ಹೆಜ್ಜೆ ಸದ್ದಿಗೆ ಕಿವಿ ಕೊಟ್ಟು ಕೂತವರು ಅವತ್ತು ಬಾಗಿಲು ಬಡಿದದ್ದು ಕೇಳಿಯೂ ಏಳಲಿಲ್ಲ. ಈಗ ಚರಣ ಅದಲು ಬದಲು ಮಾಡಿದರೆ ಹಾಡು ಹಾಳಾಗುತ್ತೆ. ಗುಟ್ಟು ಮೊದಲೇ ಗೊತ್ತಾದರೆ ಎಲೆ ನೋಡಿ ಮೋಸ ಹೋದವರ ಮೇಲೆ ಅಷ್ಟು ಬೇಗ ಕನಿಕರ ಹುಟ್ಟಲ್ಲ. ಪಲ್ಲವಿಯಲ್ಲಿ ಒಂದಕ್ಷರ ಬದಲಾಗಿಲ್ಲ. ಮೊದಲ ಸಲ ಅದು ಬರೀ ಕರೆ. ಎರಡನೇ ಚರಣ ಮುಗಿದ ಮೇಲೆ ಅದೇ ಸಾಲಿಗೆ ನಾಚಿಕೆ ಸೇರಿಕೊಂಡಿದೆ.

ಸಂಜೆ ಕಳಿಸಿದೆ. 'ಮಲಗಿದ್ದೆ' ಆದಮೇಲೆ ಕೊಳಲಿನ ತುಣುಕೊಂದಿತ್ತು, ಅದನ್ನು ತೆಗೆದು ನೇರ ಪಲ್ಲವಿಗೆ ಬಾ ಅಂದೆ. ಅಷ್ಟು ಹೊತ್ತು ಬಿಟ್ಟರೆ ಆ ಸಾಲಿಗೂ ಬಾಗಿಲಿಗೂ ನಂಟು ತಪ್ಪುತ್ತೆ. ಅವನಿಗೆ ಕೊಳಲಿನ ಮೇಲೆ ಪ್ರೀತಿ ಜಾಸ್ತಿ, ಅರ್ಧ ಇಟ್ಕೋತೀನಿ ಅಂತಿದ್ದಾನೆ. ನಾಳೆ ಎರಡೂ ಥರ ಹಾಡಿಸಿ ಕೇಳಬೇಕು.